ಚಾರ್ಟಿನ ಹತ್ತೊಂಬತ್ತನೇ ದಿನ

ನಮ್ಮ ಭಾವ ಆದಿನಾರಾಯಣನ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ, ದೇವರಿಗಿಂತ ಒಂದು ಗೇಣು ಎತ್ತರದಲ್ಲಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಒಂದು ಚಾರ್ಟು ತೂಗುತ್ತದೆ. ರೇಷ್ಮೆ ಹುಳು ಸಾಕಾಣಿಕೆಯ ವೇಳಾಪಟ್ಟಿ ಅದು. ಯಾವುದೋ ತರಬೇತಿಯಲ್ಲಿ ಕೊಟ್ಟಿದ್ದು. ದಿನ, ಹಂತ, ಸೊಪ್ಪು, ಶುಚಿ, ಉಷ್ಣಾಂಶ ಎಂದು ಐದು ಬಣ್ಣದ ಕಾಲಮ್ಮುಗಳಿವೆ. ಭಾವ ಅದನ್ನು ಬಾಯಿಪಾಠ ಮಾಡಿಕೊಂಡು ಬಂಗಾರಪೇಟೆ ಸುತ್ತಿನ ಊರುಗಳಲ್ಲಿ ರೈತರಿಗೆ ಭಾಷಣ ಮಾಡುತ್ತಾನೆ. ಶಾಲು, ಹಾರ, ಫೋಟೋ ಎಲ್ಲ ಆಗಿದೆ. ಹುಳುವನ್ನು ಕೈಯಲ್ಲಿ ಮುಟ್ಟುವುದೊಂದು ಬಾಕಿ ಇದೆ.

ಮುಟ್ಟುವವಳು ನಮ್ಮಕ್ಕ ವೆಂಕಟರತ್ನಮ್ಮ. ಇಪ್ಪತ್ತೆರಡು ವರ್ಷದಿಂದ ಅವಳೇ.

ನಾನು ಗಿರಿ, ಅವಳ ತಮ್ಮ. ಬಂಗಾರಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದೇನೆ. ರೇಷ್ಮೆಯ ಬಗ್ಗೆ ಗಿರಾಕಿಗಳ ಮುಂದೆ ಅರ್ಧ ಗಂಟೆ ಕೊರೆಯಬಲ್ಲೆ. ಹುಳು ಕಂಡರೆ ಮಾತ್ರ ಮೈ ಜುಮ್ಮೆನ್ನುತ್ತದೆ. ಆದ್ದರಿಂದ ಭಾವನನ್ನು ಆಡಿಕೊಳ್ಳುವ ಯೋಗ್ಯತೆ ನನಗೆ ಅಷ್ಟಾಗಿ ಇಲ್ಲ. ಆದರೂ ಆಡಿಕೊಳ್ಳುತ್ತೇನೆ.

ಅಕ್ಕನಿಗೆ ತಿಂಗಳುಗಳ ಹೆಸರು ಗೊತ್ತಿದ್ದರೂ ಅವಳ ಬದುಕು ನಡೆಯುವುದು ಜ್ವರದ ಲೆಕ್ಕದಲ್ಲಿ. ಹುಳು ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂತು, ಹಳೆ ಚರ್ಮ ಕಳಚುತ್ತದಲ್ಲ, ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಂಥ ಜ್ವರ ನಾಲ್ಕು. ಮೊದಲಿನ ಎರಡು, ಮೊಟ್ಟೆಯೊಡೆದ ಮರಿಗಳನ್ನು ಸಾಕಿ ಮಾರುವ ಚಾಕಿ ಕೇಂದ್ರದಲ್ಲೇ ಮುಗಿದಿರುತ್ತವೆ. ಎರಡನೇ ಜ್ವರ ಎದ್ದ ಮರಿಗಳನ್ನು ತಂದು ಮನೆಯಲ್ಲಿ ಬಿಟ್ಟ ದಿನವೇ ಮೊದಲನೇ ದಿನ. ಮೂರು ದಿನ ಮೇಯ್ದು ಒಂದು ದಿನ ಮೂರನೇ ಜ್ವರ. ಮತ್ತೆ ನಾಲ್ಕು ದಿನ ಮೇಯ್ದು ಒಂದೂವರೆ ದಿನ ನಾಲ್ಕನೇ ಜ್ವರ. ಜ್ವರದಲ್ಲಿ ಸೊಪ್ಪು ಹಾಕುವಂತಿಲ್ಲ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಎರಚಿ ಸುಮ್ಮನಿರಬೇಕು. ಅಕ್ಕನ ಪಾಲಿಗೆ ಆ ಒಂದೂವರೆ ದಿನವೇ ರಜೆ. ನಮ್ಮಮ್ಮನ ತಿಥಿಗೆ ಅವಳು ಬಂದದ್ದು ನಾಲ್ಕನೇ ಜ್ವರದಲ್ಲಿ. ನನ್ನ ಮದುವೆಯಲ್ಲಿ ಧಾರೆ ಮುಗಿಯುವಷ್ಟರಲ್ಲಿ ಹುಳು ಎದ್ದವೆಂದು ಊಟ ಬಿಟ್ಟು ಆಟೋ ಹತ್ತಿದಳು. ಮಗಳು ಶ್ಯಾಮಲ ಶಾಲೆಯಲ್ಲಿ ಬಹುಮಾನ ತಗೊಂಡ ದಿನ ಐದನೇ ಹಂತ, ಹುಳು ರಾಕ್ಷಸರಂತೆ ಮೇಯುವ ಕಾಲ. ಅಂದು ಅವಳು ಎಲ್ಲಿಗೂ ಹೋಗಲಿಲ್ಲ.

ಕಳೆದ ಕಾರ್ತಿಕದಲ್ಲಿ ಶ್ಯಾಮಲಳಿಗೆ ಸಂಬಂಧ ಕೂಡಿಬಂತು. ಹುಡುಗ ಚಲಪತಿ, ಮೈಸೂರು ಮೈನ್ಸ್ ಕಡೆಯವನು. ಅವರೂ ನಮ್ಮವರೇ. ಆದರೆ ತಾತನ ಕಾಲದಿಂದ ಚಿನ್ನದ ಗಣಿ ಕೆಲಸಕ್ಕೆಂದು ಕೆಜಿಎಫ್‌ನಲ್ಲಿದ್ದು ಮಾತು ಅರ್ಧ ತಮಿಳಾಗಿದೆ. ಹುಡುಗನ ತಾಯಿ ರಾಧಾಮಣಿ ನೋಡಲು ಗಟ್ಟಿ ಹೆಂಗಸು. ನಗುವುದು ಅಪರೂಪ.

ನಿಶ್ಚಿತಾರ್ಥದ ಮಾತು ಬಂದಾಗ ಅಕ್ಕ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಏನನ್ನೋ ಕೇಳಿದಳು.

"ದಿನ ಇಡೋಕ್ ಮುಂಚೆ ನನ್ನೊಂದ್ ಮಾತು ಕೇಳಿ. ಮಗಳ ಪಕ್ಕ ನಾನು ಕೂತ್ಕಬೇಕು. ಅಷ್ಟೇಯ."

"ನಿನ್ನ ಕೇಳೋದೇನು, ಚಾರ್ಟೇ ಐತಲ್ಲ!" ಎಂದ ಭಾವ.

ಚಾರ್ಟಿನ ಪ್ರಕಾರ ಹದಿನೇಳನೇ ದಿನ ಹುಳು ಹಣ್ಣಾಗಬೇಕು, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ತಯಾರಾಗಬೇಕು. ಅಂದೇ ಆಯ್ದು ನೇತ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಪ್ಲಾಸ್ಟಿಕ್ ಬಲೆಗೆ, ಬಿಟ್ಟರೆ ಏಳು ದಿನ ಅವು ಗೂಡು ಕಟ್ಟಿಕೊಂಡು ತಮ್ಮ ಪಾಡಿಗೆ ಇರುತ್ತವೆ. ಇಪ್ಪತ್ನಾಲ್ಕನೇ ದಿನ ಗೂಡು ಬಿಡಿಸುವುದು. ನಡುವೆ ಹತ್ತೊಂಬತ್ತನೇ ದಿನ ಭಾನುವಾರ, ಒಳ್ಳೆಯ ಲಗ್ನ, ಪೂರ್ತಿ ಪುರುಸೊತ್ತು. ಭಾವ ಬೀಗರಿಗೆ ಫೋನಿನಲ್ಲೇ ದಿನ ಕೊಟ್ಟುಬಿಟ್ಟ. ಹುಳು ಆಯುವ ಹೆಂಗಸರಿಗೂ ಹದಿನೇಳನೇ ದಿನಕ್ಕೇ ಹೇಳಿದ. ಇಷ್ಟು ಅಚ್ಚುಕಟ್ಟಾದ ಮನುಷ್ಯನನ್ನು ನಾನು ಕಂಡಿಲ್ಲ.

ಚಾಕಿ ಮರಿ ಬಂದ ನಾಲ್ಕನೇ ದಿನಕ್ಕೆ ತಮಿಳುನಾಡಿನ ಕಡೆಯಿಂದ ಜಡಿ ಮಳೆ ಹಿಡಿಯಿತು. ಬಿಸಿಲೇ ಇಲ್ಲ. ಚಳಿಗೆ ನಾವು ಮನುಷ್ಯರೇ ಹಾಸಿಗೆ ಬಿಟ್ಟು ಏಳುವುದಿಲ್ಲ, ಹುಳು ಯಾಕೆ ಅವಸರ ಮಾಡೀತು? ಮೇವು ಕಡಿಮೆಯಾಯಿತು, ಬೆಳವಣಿಗೆ ನಿಧಾನವಾಯಿತು. ಮೂರನೇ ಜ್ವರ ಅರ್ಧ ದಿನ ಎಳೆಯಿತು. ನಾಲ್ಕನೆಯದಕ್ಕೆ ಕೂರುವುದೇ ಒಂದು ದಿನ ತಡವಾಯಿತು.

"ಒಳ್ಗೆ ಬೆಚ್ಚಗಾಗಬೇಕು, ಹೀಟರು ತರ್ಸಿ" ಎಂದಳು ಅಕ್ಕ.

"ಇಪ್ಪತ್ತೈದು ಡಿಗ್ರಿ ಅಂತ ಚಾರ್ಟಲ್ಲೇ ಐತಲ್ಲ" ಎಂದ ಭಾವ. ಚಾರ್ಟಿನಲ್ಲಿ ಇಪ್ಪತ್ತೈದಿತ್ತು, ನಿಜ. ಹುಳುವಿನ ಮನೆಯಲ್ಲಿ ಹತ್ತೊಂಬತ್ತಿತ್ತು.

ಹಿಕ್ಕೆ ಮತ್ತು ಒಣಕಡ್ಡಿ ತೆಗೆದು ಹಾಸಿಗೆ ಶುಚಿ ಮಾಡುವ ದಿನವೂ ಚಾರ್ಟಿನಲ್ಲಿ ಹಸಿರು ಬಣ್ಣದಲ್ಲಿ ಬಂದು ನಿಂತಿತು. ಭಾವ ಜ್ಞಾಪಿಸಿದ. ಅಕ್ಕ ಹಾಸಿಗೆಯ ಕಡೆ ಕೈ ತೋರಿಸಿದಳು. ಅರ್ಧಕ್ಕರ್ಧ ಹುಳು ಇನ್ನೂ ಜ್ವರದಲ್ಲಿದ್ದವು. ಎಲ್ಲವೂ ಎದ್ದು, ಹೊಸ ಸೊಪ್ಪಿನ ಮೇಲೆ ಹತ್ತಿದ ಮೇಲಲ್ಲವೇ ಕೆಳಗಿನ ಕಸ ತೆಗೆಯುವುದು? ಮಲಗಿದವರನ್ನು ಚಾಪೆ ಸಮೇತ ಎಳೆಯಲಾಗುತ್ತದೆಯೇ? ಭಾವ ಬೇಸರದಿಂದ, ಹುಳುಗಳಿಗೆ ಶಿಸ್ತಿಲ್ಲ ಎಂದ.

ಹದಿನೇಳನೇ ದಿನ ಬೆಳಗ್ಗೆ ಎಂಟು ಜನ ಹೆಂಗಸರು ಆಯಲು ಬಂದರು. ಹುಳು ಕರಕರ ಮೇಯುತ್ತಲೇ ಇದ್ದವು. ಹೆಂಗಸರು ಉಪ್ಪಿಟ್ಟು ತಿಂದು, ಅರ್ಧ ದಿನದ ಕೂಲಿ ತಗೊಂಡು ಹೋದರು. ಭಾನುವಾರ ಬನ್ನಿ ಎಂದರೆ ಆಗಲೇ ಪಕ್ಕದೂರಿನವರಿಗೆ ಒಪ್ಪಿಕೊಂಡಿದ್ದರು.

ಭಾನುವಾರ ಹತ್ತೊಂಬತ್ತನೇ ದಿನ. ಬೆಳಗ್ಗೆ ಮೋಡ ಸರಿದು ಎಳೆ ಬಿಸಿಲು ಬಿತ್ತು. ಮನೆ ಮುಂದೆ ಶಾಮಿಯಾನ, ಕುರ್ಚಿ, ಬಾಳೆಕಂದು. ಮನೆ ಹಿಂದೆ ಹುಳು ಹಣ್ಣಾಗತೊಡಗಿದವು. ಬೆಳಗಿನ ಜಾವ ಅಲ್ಲೊಂದು ಇಲ್ಲೊಂದು. ಒಂಬತ್ತು ಗಂಟೆಗೆ ನೋಡುತ್ತೇವೆ, ಹಾಸಿಗೆಗೆ ಹಾಸಿಗೆಯೇ ಮೇವು ಬಿಟ್ಟು, ಮೈ ತಿಳಿಯಾಗಿ, ತಲೆ ಎತ್ತಿ ಆಚೆ ಈಚೆ ಆಡಿಸುತ್ತಿವೆ. ನೂರು ಚಿಟ್ಟೆ ಇಟ್ಟ ಮೊಟ್ಟೆಯ ಹುಳು, ನಲವತ್ತು ಸಾವಿರಕ್ಕೂ ಮಿಕ್ಕಿ. ಆಯ್ದು ನೇತ್ರಿಕೆಗೆ ಬಿಡದಿದ್ದರೆ ಅಲ್ಲೇ ಕಸದಲ್ಲಿ ಗೂಡು ಕಟ್ಟುತ್ತವೆ. ಕಲೆ ಬಿದ್ದ ಅಂಥ ಗೂಡನ್ನು ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ.

ಅಕ್ಕ ಹೊಸ ಸೀರೆ ಬಿಚ್ಚಿಟ್ಟು ಹಳೆಯದನ್ನು ಉಟ್ಟು ಒಳಗೆ ಹೋದಳು. ಆ ಹೊಸ ಸೀರೆ ನನ್ನ ಅಂಗಡಿಯದೇ. ನೊಣ ಬರದಂತೆ ಹಾಕಿದ ಬಾಗಿಲಿನ ಬಲೆಯ ಹಿಂದೆ ಅವಳ ಕೈ ಒಂದೇ ಸಮನೆ ಆಡುತ್ತಿದ್ದುದು ಕಾಣುತ್ತಿತ್ತು. ಅಳುತ್ತಿದ್ದಳೋ ಇಲ್ಲವೋ ಕಾಣಲಿಲ್ಲ.

ಹತ್ತಕ್ಕೆ ಬೀಗರು ಎರಡು ವ್ಯಾನಿನಲ್ಲಿ ಇಳಿದರು. ಇಪ್ಪತ್ತು ಹೆಂಗಸರು, ಇಪ್ಪತ್ತೂ ರೇಷ್ಮೆ ಸೀರೆ. ಹತ್ತೂವರೆಯಿಂದ ಹನ್ನೆರಡರ ಒಳಗೆ ತಾಂಬೂಲ ಬದಲಾಗಬೇಕೆಂದರು ಅಯ್ಯನೋರು. ಭಾವ ಬೆವರುತ್ತ, ತನ್ನ ಸ್ವಂತ ಅಕ್ಕನ ಕಡೆ ಕೈ ತೋರಿಸಿ, "ಅವಳಿಗೆ ಸ್ವಲ್ಪ ಮೈ ಸರಿಯಿಲ್ಲ, ನಮ್ಮಕ್ಕ ಕೂತ್ಕತಾಳೆ, ಶುರು ಮಾಡಿ" ಎಂದ.

ಶ್ಯಾಮಲ ಮಣೆಯ ಮೇಲಿಂದ ಎದ್ದುಬಿಟ್ಟಳು.

"ಅಮ್ಮನಿಗೆ ಮೈ ಸರಿಯಾಗೇ ಐತೆ. ಉಳ ಅಣ್ಣಾಗವೆ, ಒಳ್ಗೆ ಆಯ್ತಾ ಅವಳೆ. ಅವಳು ಬರೋಗಂಟ ನಾನು ಕೂತ್ಕಳಲ್ಲ."

ಶಾಮಿಯಾನದಲ್ಲಿ ಪಿಟಿಪಿಟಿ ಶುರುವಾಯಿತು. ಹುಳಕ್ಕೋಸ್ಕರ ನಿಶ್ಚಿತಾರ್ಥ ನಿಲ್ಲಿಸುತ್ತಾರಾ ಎಂದು ಯಾರೋ ತಮಿಳಿನಲ್ಲಿ ಕೇಳಿದರು. ಭಾವ ಮಗಳ ಮೇಲೆ ಕಣ್ಣು ಬಿಟ್ಟ. ಸಂಬಂಧ ಹೋಯಿತು ಎಂದುಕೊಂಡೆ ನಾನು.

ರಾಧಾಮಣಿ ಕುರ್ಚಿಯಿಂದ ಎದ್ದಳು.

"ನನ್ ಮದ್ವೆಲಿ ಇವರು ಶಾಫ್ಟಿಂದ ಮೇಲ್ ಬಂದಿದ್ದು ಮೂರ್ ಗಂಟೆ ಲೇಟು" ಎಂದು ಗಂಡನ ಕಡೆ ಬೆರಳು ತೋರಿಸಿದಳು. "ಒಳಗೆ ಕೆಲ್ಸ ಮುಗೀದೆ ಹೆಂಗ್ ಬರ್ತಾರೆ? ಮಣೆ ಮೇಲೆ ಒಬ್ಳೇ ಕೂತಿದ್ದೆ. ಹೋಗ್ಲಿ, ಉಳ ಎಲ್ಲವೆ? ತೋರ್ಸಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಕ್ಕೆ ನಡೆದಳು. ಬಾಗಿಲಲ್ಲಿ ಅಕ್ಕ ತಡೆದಳು. ಬೀಗಿತ್ತಿಯೆಂಬ ಸಂಕೋಚವಿಲ್ಲದೆ, "ಚಪ್ಲಿ ಆಚೆ ಬುಡಿ. ಬ್ಲೀಚಿಂಗ್ ನೀರಲ್ಲಿ ಕಾಲದ್ದಿ, ಕೈ ತೊಳ್ಕಳಿ. ಊದುಬತ್ತಿ ಇಡ್ಕಂಡು ಯಾರೂ ಬರ್ಬ್ಯಾಡಿ, ಆ ವಾಸ್ನೆ ಆಗಲ್ಲ" ಎಂದಳು. ರಾಧಾಮಣಿ ಕಾಲದ್ದಿದಳು. ಅವಳ ಹಿಂದೆ ನಾದಿನಿಯರು, ಅವರ ಹಿಂದೆ ಚಲಪತಿ, ಪ್ಯಾಂಟು ಮಡಚಿಕೊಂಡು.

ಆಮೇಲಿನದು ನಾನು ಕಣ್ಣಾರೆ ಕಂಡ ವಿಶೇಷ. ಸಾವಿರಾರು ಹುಳು ಸತ್ತು ಆದ ಸೀರೆ ಉಟ್ಟವರು, ಬದುಕಿದ ಹುಳು ಬೆರಳಿಗೆ ತಾಕಿದೊಡನೆ "ಐಯೋ ಅಮ್ಮಾ" ಎಂದು ಕಿರುಚುತ್ತಿದ್ದರು. ಹಣ್ಣು ಹುಳು ನೂಲುವ ಮುಂಚೆ ಹೊಟ್ಟೆ ಖಾಲಿ ಮಾಡುತ್ತದೆ. ಅದು ಜರಿ ಅಂಚಿನ ಮೇಲೆ ಬಿದ್ದಾಗ ಆ ಅಂಚಿನ ಬೆಲೆ ನನಗೆ ಗೊತ್ತಿದ್ದರಿಂದ ನನಗೇ ಹೆಚ್ಚು ಸಂಕಟವಾಯಿತು. ನಾನೂ ಕಣ್ಣು ಮುಚ್ಚಿಕೊಂಡು ಒಂದನ್ನು ಹಿಡಿದೆ. ತಣ್ಣಗೆ, ಮೆತ್ತಗೆ ಇತ್ತು, ಅಷ್ಟೇ. ನಲವತ್ತೆಂಟು ವರ್ಷ ಇದಕ್ಕೆ ಹೆದರಿದ್ದೆನಲ್ಲ ಎಂದು ನಾಚಿಕೆಯಾಯಿತು. ಅಕ್ಕ ನಡುವೆ ನಿಂತು, "ಒಂದರಲ್ಲೇ ತುಂಬಬ್ಯಾಡಿ, ಜೋಡಿಗೂಡು ಕಟ್ತವೆ, ತೆಳ್ಳಗೆ ಬುಡಿ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಮೇವು ಬಿಡದ ಹುಳುವನ್ನು ಆಯ್ದದ್ದಕ್ಕೆ ಭಾವೀ ಅಳಿಯನಿಗೂ ಬೈಗುಳ ಬಿತ್ತು.

ಹನ್ನೊಂದೂ ಮುಕ್ಕಾಲಿಗೆ ಮುಕ್ಕಾಲು ಪಾಲು ಹುಳು ನೇತ್ರಿಕೆ ಸೇರಿದ್ದವು. ಅಕ್ಕ ಕೈ ತೊಳೆದು, ಹಳೆ ಸೀರೆಯಲ್ಲೇ ಬಂದು ಮಗಳ ಪಕ್ಕ ಕೂತಳು. ತಾಂಬೂಲದ ತಟ್ಟೆ ಹಿಡಿದ ಅವಳ ಬೆರಳುಗಳಿಗೆ ರೇಷ್ಮೆ ಎಳೆ ಇನ್ನೂ ಅಂಟಿಕೊಂಡಿತ್ತು. ಹತ್ತು ನಿಮಿಷ ಕೂತು, ಉಳಿದ ಹುಳು ಆಯಲು ಎದ್ದು ಹೋದಳು. ಆ ಹತ್ತು ನಿಮಿಷ ಅವಳ ಮುಖ ನೋಡಿದವರಿಗೆ ಊಟ ಬೇಕಿರಲಿಲ್ಲ. ಆದರೂ ಎಲ್ಲರೂ ಗಡದ್ದಾಗಿ ಉಂಡರು.

ಇಪ್ಪತ್ನಾಲ್ಕನೇ ದಿನ ಭಾವ ಗೂಡು ಸಾಗಿಸಲು ಟೆಂಪೊ ಕರೆಸಿದ. ಚಾರ್ಟು ಹಾಗೆ ಹೇಳಿತ್ತಲ್ಲ! ಅಕ್ಕ ಒಂದು ಗೂಡು ಕೊಯ್ದು ಅವನ ಅಂಗೈ ಮೇಲೆ ಬಗ್ಗಿಸಿದಳು. ಒಳಗಿನ ಪ್ಯೂಪ ಇನ್ನೂ ಎಳಸು, ಮೈ ಗಟ್ಟಿಯಾಗಿಲ್ಲ. ಈಗ ಕಿತ್ತರೆ ಅದು ಒಡೆದು ಗೂಡೆಲ್ಲ ಕಲೆ. ಟೆಂಪೊ ಬರಿದೇ ಹೋಯಿತು. ಇಪ್ಪತ್ತಾರನೇ ದಿನ ಅಕ್ಕ ಮತ್ತೊಂದು ಕೊಯ್ದಳು. ಕಂದು ಬಣ್ಣ, ಗಟ್ಟಿ ಮೈ. ಅಂದೇ ಬಿಡಿಸಿ, ಕಸಗೂಡು ಬೇರೆ ಮಾಡಿ, ಮರುದಿನ ಕೋಲಾರದ ಮಾರುಕಟ್ಟೆಗೆ ಕಳಿಸಿದರು. ಒಳ್ಳೆಯ ಬೆಲೆಗೇ ಹೋಯಿತು. ಮುಂದಿನ ಭಾಷಣದಲ್ಲಿ ಭಾವ ಕುಟುಂಬ ಸಮೇತ ಹುಳು ಆಯುವ ಹೊಸ ವಿಧಾನವನ್ನು ತನ್ನದೇ ಪ್ರಯೋಗವೆಂದು ವಿವರಿಸಿದ. ಚಪ್ಪಾಳೆ ಬಿತ್ತು.

ಮದುವೆ ಮಾಘದಲ್ಲಿ ಎಂದಾಯಿತು. ಭಾವ ಚಾರ್ಟಿನ ಮುಂದೆ ನಿಂತು ಬೆರಳಲ್ಲಿ ದಿನ ಎಣಿಸುತ್ತಿದ್ದ. ನಾನು ಕಾಫಿ ಕುಡಿಯುತ್ತಿದ್ದೆ.

"ಲೇ ರತ್ನ, ಮನೆ ತೊಳ್ದು ಬ್ಲೀಚಿಂಗ್ ಹೊಡ್ಯಕ್ಕೆ ಮೂರ್ ದಿನ. ಆಮೇಲೆ ಚಾಕಿ ಬುಕ್ ಮಾಡಿದ್ರೆ ಮದುವೆ ಹೊತ್ಗೆ ನಾಲ್ಕನೇ ಜ್ವರ ಬತ್ತದೆ."

"ಬುಕ್ ಮಾಡ್ಬ್ಯಾಡಿ. ಮದುವೆ ಮುಗಿಯೋಗಂಟ ಉಳ ಇಕ್ಕಲ್ಲ" ಎಂದಳು ಅಕ್ಕ.

ಭಾವ ತಿರುಗಿ ನೋಡಿದ. ಕಾಲಮ್ಮು ಕಾಲಮ್ಮು ಹುಡುಕಿದ. "ಅಂಗೆ ಮನೆ ಖಾಲಿ ಬುಡೋದು ಇದರಲ್ಲಿ ಇಲ್ವಲ್ಲೇ?"

"ನಾನೂ ಇಲ್ಲ ಅದರಲ್ಲಿ" ಎಂದು ಅಕ್ಕ ನನ್ನ ಕೈಯಿಂದ ಖಾಲಿ ಲೋಟ ತಗೊಂಡು ಒಳಗೆ ಹೋದಳು.