ಮೂರು ಚುಕ್ಕಿಗಳ ಜಾಗ

ಬಣಕಲ್ ಹತ್ತಿರದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಮೂಡಿಗೆರೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದವಳು ಸುಕನ್ಯಾ. ಪಿಎಚ್.ಡಿ.ಗೂ ಸೇರಿಕೊಂಡಳು. ವಿಷಯ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಕಾಫಿ ಕೊಯ್ಲಿಗೆ ಹೋಗುತ್ತಿದ್ದ ತಾಯಂದಿರು ಹಸುಗೂಸುಗಳನ್ನು ಏನು ಮಾಡುತ್ತಿದ್ದರು ಎಂದು ಅವಳು ತನ್ನ ಲೈನಿನ ಹೆಂಗಸರನ್ನೇ ಕೇಳಿದಳು. ಬೇರೆಯವರು ಕೇಳಿದ್ದರೆ ಅವರು 'ಎಂಥದೂ ಇಲ್ಲ' ಅಂದು ಒಳಗೆ ಹೋಗುತ್ತಿದ್ದರು. ಸುಕನ್ಯಾ ಕೇಳಿದ್ದಕ್ಕೆ ಜಗುಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿದರು. ಅವಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

ಫಲಿತಾಂಶಗಳ ಅಧ್ಯಾಯವನ್ನು ಮೊದಲ ಸಲ ಬರೆದಾಗ ಅದು ಅಧ್ಯಾಯವಾಗಿರಲಿಲ್ಲ, ಸಂತೆಯಾಗಿತ್ತು. ಒಬ್ಬೊಬ್ಬರ ಮಾತೂ ಒಂದೂವರೆ ಪುಟ. ಅವಳ ಗೈಡ್ ಗಿರಿಜಾಂಬಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟುದ್ದ ಮಾತು ಸುರಿದ್ರೆ ಓದೋರು ಏನು ಹಿಡ್ಕೋಬೇಕು ಸುಕನ್ಯಾ? ಮೊದ್ಲು ಒಂದು ಸಾಲಲ್ಲಿ ಯಾರು, ಯಾವ ಸಂದರ್ಭ ಅಂತ ಹೇಳು. ಆಮೇಲೆ ಮಾತಿನ ತಿರುಳು ಮಾತ್ರ ಇಡು, ಬಿಟ್ಟಲ್ಲಿ ಚುಕ್ಕಿ ಹಾಕು. ಕೆಳಗೆ ಅದು ಏನನ್ನ ತೋರಿಸ್ತದೆ ಅಂತ ನೀನು ಬರೀ. ಮಾತನ್ನ ಅನಾಥವಾಗಿ ಬಿಡಬೇಡ."

ಸುಕನ್ಯಾ ಕತ್ತರಿ ಹಿಡಿದು ಕೂತಳು. ಕತ್ತರಿಸುವುದರಲ್ಲಿ ಒಂಥರಾ ರುಚಿ ಇದೆ ಎಂದು ಅವಳಿಗೆ ಆಗ ಗೊತ್ತಾಯಿತು. ರಾಶಿ ಮಾತಿನಿಂದ ಎರಡು ಸಾಲು ಹೊಳೆಯುತ್ತ ಎದ್ದು ಬಂದರೆ, ಅದನ್ನು ತಾನೇ ಬರೆದಷ್ಟು ಹಿಗ್ಗು. ಹಾಗೆ ಹಿಗ್ಗಿದ ಒಂದು ಜಾಗ ಹೀಗಿತ್ತು:

ಸಂಸೆಯಿಂದ ಮದುವೆಯಾಗಿ ಬಂದ, ಒಬ್ಬಳೇ ಮಗಳಿರುವ, ಅರವತ್ತರ ಆಸುಪಾಸಿನ ವಿಧವೆ ಲಕ್ಷ್ಮಮ್ಮ (ಹೆಸರು ಬದಲಿಸಿದೆ) ಕೊಯ್ಲಿನ ದಿನಗಳನ್ನು ನೆನೆಯುತ್ತಾರೆ:

"ಮಗೂನ ಸೊಂಟಕ್ಕೆ ಸೀರೆ ತುಂಡು ಸುತ್ತಿ ಸಿಲ್ವರ್ ಮರಕ್ಕೆ ಕಟ್ತಿದ್ದೆ... ಅತ್ರೆ ಅಳ್ಲಿ ಅಂತ... ಚೀಲ ತುಂಬ್ಬೇಕಿತ್ತಲ್ಲ."

ದುಡಿಮೆಯ ಒತ್ತಡ ಮಮತೆಯನ್ನು ಒಣಗಿಸುವುದನ್ನು ಇಲ್ಲಿ ಕಾಣಬಹುದು. ಚೀಲ ತುಂಬುವ ಆತುರದಲ್ಲಿ ತಾಯಿ ಮಗುವನ್ನು ಮರೆಯುತ್ತಾಳೆ.

ಮೇಡಂ ಅಂಚಿನಲ್ಲಿ ಟಿಕ್ ಹಾಕಿ 'ತುಂಬಾ ಚೆನ್ನಾಗಿದೆ' ಎಂದು ಬರೆದಿದ್ದರು. ಸುಕನ್ಯಾ ಆ ಪುಟವನ್ನು ಅಮ್ಮನಿಗೂ ತೋರಿಸಿದ್ದಳು. ಅಮ್ಮನಿಗೆ ಓದಲು ಬರುವುದಿಲ್ಲ, ಟಿಕ್ ನೋಡಿ ಖುಷಿಪಟ್ಟಿದ್ದರು.

ಲಕ್ಷ್ಮಮ್ಮ ಅಂದರೆ ಪಕ್ಕದ ಮನೆಯ ತಂಗಮ್ಮ. ತಂಗಮ್ಮನ ಮಗಳು ಪ್ರೇಮಕುಮಾರಿ ಮೂಡಿಗೆರೆಯ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸುಕನ್ಯಾಳ ಪ್ರಬಂಧವನ್ನು ಟೈಪ್ ಮಾಡುತ್ತಿದ್ದವಳೂ ಅವಳೇ. ಊರಿನ ಹುಡುಗಿ ಇರುವಾಗ ಬೇರೆ ಅಂಗಡಿ ಯಾಕೆ? 'ನಾವು ಅಕ್ಷರ ನೋಡ್ತೀವಿ ಸುಕನ್ಯಕ್ಕ, ಓದಲ್ಲ' ಎಂದು ಪ್ರೇಮ ಒಮ್ಮೆ ನಕ್ಕಿದ್ದಳು. ಈ ಅಧ್ಯಾಯ ಕೊಡುವಾಗ ಸುಕನ್ಯಾಳ ಕೈ ಒಂದು ಗಳಿಗೆ ತಡೆದದ್ದು ನಿಜ. ಹೆಸರು ಬದಲಿಸಿದ್ದೀನಲ್ಲ ಅಂದುಕೊಂಡು ಕೊಟ್ಟೇಬಿಟ್ಟಳು. ಇಡೀ ಲೈನಿಗೆ ಸಂಸೆಯಿಂದ ಬಂದ ಸೊಸೆ ಒಬ್ಬಳೇ. ಅಷ್ಟು ಓದಿದವಳಿಗೆ ಅದು ಹೊಳೆಯಲಿಲ್ಲ ಅಂದರೆ ಯಾರು ನಂಬುತ್ತಾರೆ?

ಎರಡು ದಿನ ಬಿಟ್ಟು ಪ್ರೇಮ ಫೋನ್ ಮಾಡಿದಳು.

"ಟೈಪ್ ಆಯ್ತು. ಈ ಲಕ್ಷ್ಮಮ್ಮ ಅಂದ್ರೆ ನಮ್ಮಮ್ಮ ಅಲ್ವಾ?"

"ಅಲ್ಲ ಮಾರಾಯ್ತಿ! ಅವ್ರು ಬೇರೆ," ಅಂದಳು ಸುಕನ್ಯಾ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ಅವಳಿಗೇ ತಿಳಿದಿರಲಿಲ್ಲ.

"ಹೌದಾ," ಅಂದು ಪ್ರೇಮ ಫೋನ್ ಇಟ್ಟಳು.

ಆ ವಾರ ಸುಕನ್ಯಾಳ ಅಮ್ಮ ಸುದ್ದಿ ತಂದರು. ಪ್ರೇಮ ತನ್ನ ಪುಟ್ಟ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದವಳು, ಈಗ ಆಲ್ದೂರಿನ ಅತ್ತೆ ಮನೆಯಲ್ಲಿ ಬಿಟ್ಟಿದ್ದಾಳಂತೆ. ಕಾರಣ ಹೇಳಿಲ್ಲವಂತೆ. ತಂಗಮ್ಮ ಮೊಮ್ಮಗಳ ಲಂಗ ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದಾಳಂತೆ.

ಸುಕನ್ಯಾ ಊಟಕ್ಕೆ ಕೂತಿದ್ದಳು. ತಟ್ಟೆ ಬಿಟ್ಟು ಎದ್ದು ರೆಕಾರ್ಡಿಂಗ್ ಹಾಕಿದಳು. ತಂಗಮ್ಮನ ದನಿ ಕೋಳಿಗಳ ಸದ್ದಿನ ನಡುವೆ ಕೇಳಿತು:

"ಮಗೂನ ಸೊಂಟಕ್ಕೆ ಸೀರೆ ತುಂಡು ಸುತ್ತಿ ಸಿಲ್ವರ್ ಮರಕ್ಕೆ ಕಟ್ತಿದ್ದೆ. ಪಕ್ಕದಲ್ಲೇ ಹಳ್ಳ. ಒಂದ್ಸಲ ಅಂಬೆಗಾಲಿಟ್ಟು ಹೋಗಿ ಅಂಚಲ್ಲಿ ಕೂತಿತ್ತು, ನನ್ ಜೀವವೇ ಹೋಗಿತ್ತು. ಕಟ್ಟಿದ್ಮೇಲೆ ಎಷ್ಟು ದೂರ ಹೋದ್ರೂ ಅದ್ರ ದನಿ ಕೇಳ್ತಿರ್ಬೇಕು ನಂಗೆ. ಅತ್ರೆ ಅಳ್ಲಿ ಅಂತ. ದನಿ ನಿಂತ್ರೆ ಹೆದ್ರಿಕೆ, ಓಡಿ ಬರ್ತಿದ್ದೆ, ಲೆಕ್ಕ ಬರಿಯೋ ರೈಟರ್ ಬೈತಿದ್ರು. ಏನ್ ಮಾಡೂದು, ಚೀಲ ತುಂಬ್ಬೇಕಿತ್ತಲ್ಲ."

ಮಗು ಅಳುತ್ತಿದ್ದರೆ ಬದುಕಿದೆ ಎಂದು ತಾಯಿಗೆ ಗೊತ್ತಾಗುತ್ತಿತ್ತು. ಅದೇ ಮಾತಿನ ಹೊಟ್ಟೆ ಬಗೆದು, ನಡುವೆ ಚುಕ್ಕಿ ಇಟ್ಟು, ಸುಕನ್ಯಾ ಅವಳನ್ನು ಕಲ್ಲೆದೆಯವಳನ್ನಾಗಿ ಮಾಡಿದ್ದಳು. ಆಗ ಅವಳಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ತಿಳಿಯದೆ ಕತ್ತರಿಸಿದ್ದರೆ ಬೇರೆ ಮಾತು. ಕತ್ತರಿಸುವಾಗ ಹಳ್ಳದ ಸಾಲು ಓದಿದ್ದಳು, 'ಇದಿದ್ದರೆ ಹರಿತ ಹೋಗುತ್ತದೆ' ಎಂದು ಅಂದುಕೊಂಡಿದ್ದಳು.

ಮೇಡಂಗೆ ಫೋನ್ ಮಾಡಿ ಒಪ್ಪಿಕೊಂಡಳು.

"ಚುಕ್ಕಿ ಇದ್ದ ಜಾಗದಲ್ಲಿ ಏನಿತ್ತು ಅಂತ ನಾನೂ ಕೇಳ್ಲಿಲ್ಲ," ಅಂದರು. "ಅರ್ಥ ಹೊತ್ತಿರೋ ಸಾಲನ್ನ ತೆಗೆದ್ರೆ ಅದು ಚುಟುಕು ಮಾಡಿದ ಹಾಗಲ್ಲ, ಮಾತನ್ನೇ ಬದಲಿಸಿದ ಹಾಗೆ. ಪರಿಚಯದ ಸಾಲಲ್ಲೂ ಊರು ಗುರುತು ಬೇಡ. ಸರಿ ಮಾಡು. ಅವ್ರ ಹತ್ರ ಹೋಗಿ ಓದಿ ಹೇಳು. ಬೇಡ ಅಂದ್ರೆ ಬಿಟ್ಬಿಡು, ಅದು ಅವ್ರ ಹಕ್ಕು."

ಸುಕನ್ಯಾ ಸರಿ ಮಾಡಿದಳು. ಪರಿಚಯದ ಸಾಲಿನಿಂದ 'ಸಂಸೆ' ಹೋಯಿತು, 'ಒಬ್ಬಳೇ ಮಗಳು' ಹೋಯಿತು. ಹಳ್ಳ, ದನಿ, ರೈಟರ್ ಎಲ್ಲ ತಮ್ಮ ಜಾಗಕ್ಕೆ ಬಂದವು. ಕೆಳಗೆ 'ಅಳು ಇಲ್ಲಿ ತಾಯಿಗೆ ಕಾವಲಿನ ಸಾಧನ' ಎಂದು ಬರೆದಳು. ಆ ಹಾಳೆ ಹಿಡಿದು ಭಾನುವಾರ ತಂಗಮ್ಮನ ಜಗುಲಿಗೆ ಹೋದಳು. ನಡೆದದ್ದನ್ನು ಮುಚ್ಚಿಡದೆ ಹೇಳಿ, ಮೊದಲಿನದ್ದನ್ನೂ ಓದಿದಳು, ಆಮೇಲೆ ಹೊಸದನ್ನೂ ಓದಿದಳು.

"ಈಗಿಂದು ಸರಿ ಉಂಟು," ಅಂದಳು ತಂಗಮ್ಮ.

ಸುಕನ್ಯಾ ಹಾಳೆ ಮಡಚಿದಳು. "ಪ್ರೇಮಂಗೆ ನಾನೇ ಇದನ್ನ ತೋರಿಸ್ತೀನಿ ತಂಗಮ್ಮತ್ತೆ."

"ಬೇಡ." ತಂಗಮ್ಮನ ದನಿ ಏರಲಿಲ್ಲ. "ಕಟ್ಟಿದ್ದು ಸುಳ್ಳಲ್ಲ. ಅದನ್ನ ನನ್ ಮಗ್ಳಿಗೆ ಎಂದಾದ್ರೂ ನಾನೇ ಹೇಳ್ಬೇಕಂತಿದ್ದೆ. ಇಷ್ಟು ವರ್ಷ ಬಾಯಿ ಬರ್ಲಿಲ್ಲ. ನೀನು ಮುಂಚೆ ಹೇಳ್ಬಿಟ್ಟೆ. ನೀ ನಮ್ ಲೈನಿನ ಕೂಸು ಅಂತ ನಿನ್ ಹತ್ರ ಹೇಳಿದ್ದು ಮಗಾ, ಪುಸ್ತಕದ ಹತ್ರ ಅಲ್ಲ. ತೆಗ್ದುಬಿಡು."

ಕಾಫಿ ಕುಡಿದು ಹೋಗು ಅಂತ ಅವಳು ಹೇಳಲಿಲ್ಲ. ಆ ಜಗುಲಿಯಿಂದ ಕಾಫಿ ಕುಡಿಯದೆ ಸುಕನ್ಯಾ ಇಳಿದದ್ದು ಅದೇ ಮೊದಲು.

ಬುಧವಾರ ಡಿಟಿಪಿ ಅಂಗಡಿಗೆ ಹೋದಾಗ ಪ್ರೇಮ ಕುರ್ಚಿ ತೋರಿಸಿದಳು. ಹಿಂದಿನ ಸಂಜೆ ತಂಗಮ್ಮ ಬಸ್ಸು ಹತ್ತಿ ಆಲ್ದೂರಿಗೆ, ಪ್ರೇಮಳ ಅತ್ತೆ ಮನೆಗೇ ಬಂದಿದ್ದಳಂತೆ.

"ಅಮ್ಮ ಎಲ್ಲಾ ಹೇಳಿದ್ರು," ಅಂದಳು ಪ್ರೇಮ, ಪರದೆಯಿಂದ ಕಣ್ಣು ತೆಗೆಯದೆ. "ಮಗು ನಾಳೆಯಿಂದ ಅಮ್ಮನ ಹತ್ರಾನೇ ಇರ್ತದೆ."

"ಪ್ರೇಮ, ನಾನು ಆವತ್ತು ಫೋನಲ್ಲಿ..."

"ಯಾವ ಪುಟ ಸುಕನ್ಯಕ್ಕ?"

ಸುಕನ್ಯಾ ಹೇಳಿದಳು. ಪ್ರೇಮ ಇನ್ನೂ ತಿದ್ದದೆ ಉಳಿದಿದ್ದ ಹಳೆಯ ಪುಟ ತೆರೆದು ಪರಿಚಯದ ಸಾಲನ್ನೂ ತಾಯಿಯ ಮಾತನ್ನೂ ಮೌಸಿನಿಂದ ಎಳೆದು ಅಳಿಸಿದಳು. ಕೆಳಗಿನ ಪ್ಯಾರಾ ಮೇಲೆ ಸರಿದು ಬಂದು ಒಂಟಿಯಾಗಿ ನಿಂತಿತು. ಅದರ ಕೊನೆಯ ಸಾಲು: ಚೀಲ ತುಂಬುವ ಆತುರದಲ್ಲಿ ತಾಯಿ ಮಗುವನ್ನು ಮರೆಯುತ್ತಾಳೆ.

ಪ್ರೇಮ ಅದನ್ನು ಓದಿದಳು. ಈ ಸಲ ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದಳು.

"ಇದು ಅಮ್ಮ ಹೇಳಿದ್ದಲ್ವಲ್ಲ, ನಿಮ್ದು," ಅಂದಳು. "ಇದಿರ್ಲಾ?"