ಜೋಗ ಬಿಟ್ಟು ಹೊಸಪೇಟೆಗೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಗದಗಿನಲ್ಲಿ ಪ್ರವಾಸಿ ಬಸ್ಸಿನ ಬುಕಿಂಗ್ ಆಫೀಸ್ ನಡೆಸುತ್ತಿದ್ದೆ. ಬಸ್ಸು ಹೇಗೋ ಸಿಗುತ್ತಿತ್ತು. ಒಂದು ಮನೆಯವರೆಲ್ಲ ಒಪ್ಪುವ ಊರು ಸಿಗುವುದೇ ತಲೆನೋವಾಗಿತ್ತು. ಅದಕ್ಕೇ ಮುಂಗಡ ಹಿಡಿಯುವ ಮೊದಲು ಅವರ ಮನೆಗೇ ಹೋಗಿ ಮಾತಾಡುತ್ತಿದ್ದೆ.

ಆ ದೀಪಾವಳಿ ರಜೆಗೆ ಮುಂಡರಗಿಯ ಅರಿವೆ ವ್ಯಾಪಾರಿ ಬಸವಣ್ಣೆಪ್ಪಜ್ಜನ ಮನೆಯಲ್ಲಿ ಶಿರಹಟ್ಟಿ, ಬೆಟಗೇರಿಯ ಮಕ್ಕಳು ಮೊಮ್ಮಕ್ಕಳೆಲ್ಲ ಕೂಡಿದ್ದರು. ಅಜ್ಜಿಗೆ ಧರ್ಮಸ್ಥಳ ಬೇಕು. ಒಲೆಯ ಮುಂದೆ ಬೆಂದ ಸೊಸೆಯಂದಿರಿಗೂ ಅವರ ಗಂಡಂದಿರಿಗೂ ಗೋವಾ. ಕಾಲೇಜು ಹುಡುಗರಿಗೆ ಜೋಗ, ಅದೂ ಮೆಟ್ಟಿಲಿಳಿದು ಜಲಪಾತದ ಗುಂಡಿಯ ತಳದವರೆಗೆ ಹೋಗಬೇಕು. ಗದ್ದಲ ಜೋರಾದಾಗ ಅಜ್ಜ ಕೈ ಎತ್ತಿದರು.

"ಹುಡುಗ್ರು ಹೇಳಿದಂಗ ಜೋಗಕ್ಕ ಹೋಗೂಣು. ನಂದೇನೈತಿ? ನಾನೂ ಕೆಳಗ ಇಳೀತೀನಿ."

ಅಜ್ಜ ಅಂದ ಮೇಲೆ ಮುಗಿಯಿತು. ಆ ಮನೆಯಲ್ಲಿ ಹಿರಿಯರ ಮುಂದೆ ಸೊಸೆಯರು ಬಾಯಿ ತೆರೆಯುತ್ತಿರಲಿಲ್ಲ. ನಾನು ಹೊರಟಾಗ ಹಿರಿಯ ಸೊಸೆ ಗಂಗವ್ವ ಹಿತ್ತಲ ಬಾಗಿಲಿಗೆ ಕರೆದರು.

"ಅಣ್ಣಾರ, ಮಾವಾರು ಎರಡು ಸಲ ಎದಿ ಹಿಡಕೊಂಡು ಕುಂತಿದ್ರು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ. ಜೋಗ ತಪ್ಪಸ್ರಿ. ನನ್ನ ಹೆಸರು ಮಾತ್ರ ತಗೀಬ್ಯಾಡ್ರಿ."

ಹೇಳಿದರೆ ಆಕೆಯ ಗತಿ ಏನು, ಹೇಳದಿದ್ದರೆ ಮುದುಕನ ಗತಿ ಏನು? ಮರುದಿನ ಅಜ್ಜನ ಅಂಗಡಿಗೆ ಹೋಗಿ, ವಯಸ್ಸಾದವರನ್ನು ಡಾಕ್ಟರಿಗೆ ತೋರಿಸದೆ ನಾನು ಬಸ್ಸು ಕೊಡುವುದಿಲ್ಲ ಎಂದೆ. ಅಜ್ಜ ಸಿಡಿಮಿಡಿಗೊಂಡೇ ನನ್ನ ಜೊತೆ ಡಾಕ್ಟರಲ್ಲಿಗೆ ಬಂದರು. ಡಾಕ್ಟರು ನಾಲಿಗೆಯ ಕೆಳಗಿಡುವ ಗುಳಿಗೆ ಕೊಟ್ಟು, ಮೆಟ್ಟಿಲು ಬೇಡ, ದೊಡ್ಡ ಆಸ್ಪತ್ರೆಯಿಂದ ದೂರ ಹೋಗುವುದೂ ಬೇಡ ಎಂದರು. "ಮನ್ಯಾಗ ಹೇಳಬ್ಯಾಡೋ ತಮ್ಮಾ" ಎಂದರು ಅಜ್ಜ. ಊರು ಬದಲಿಸಿದರೆ ಹೇಳುವುದಿಲ್ಲ ಎಂದು ನಾನೂ ಪಟ್ಟು ಹಿಡಿದೆ.

ಅಜ್ಜ ಒಪ್ಪಿದರು, ನಾನು ಹೊಸಪೇಟೆ ಗೊತ್ತುಮಾಡಿದೆ. ಅರ್ಧ ದಿನದೊಳಗಿನ ದಾರಿ, ಊರಲ್ಲೇ ದೊಡ್ಡ ಆಸ್ಪತ್ರೆ. ಮೆಟ್ಟಿಲು ಹತ್ತಬೇಕಿಲ್ಲದ ನೆಲಮಹಡಿಯ ಕೋಣೆಗಳು, ಅಡುಗೆಗೆ ಖಾನಾವಳಿ. ಅಜ್ಜಿಗೆ ಹಂಪಿಯ ದೇವರು, ಹುಡುಗರಿಗೆ ಮಾತಂಗ ಬೆಟ್ಟ, ಗಂಡಹೆಂಡಿರಿಗೆ ಸಂಜೆ ಡ್ಯಾಮಿನ ತೋಟ. ಎಲ್ಲರೂ ಸುತ್ತಾಡಿ ಒಂದೇ ಕಡೆ ಊಟಕ್ಕೆ ಸೇರಬಹುದು. ಹುಡುಗರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಅಜ್ಜನ ಚಿಂತೆಯಿಂದ ನಾನೂ ಜೊತೆಗೆ ಹೋಗಿದ್ದೆ. ಹಂಪಿಗೆ ಹೋದ ದಿನ ಹುಡುಗರು ಬೆಟ್ಟಕ್ಕೆ ಓಡಿದರು. ಗುಡಿಯ ಅಂಗಳದಲ್ಲಿ ಅಜ್ಜ ಇದ್ದಕ್ಕಿದ್ದಂತೆ ಕಂಬಕ್ಕೆ ಒರಗಿದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಅಂಗಿ ಬೆವರಿನಿಂದ ಒದ್ದೆ. ಗುಳಿಗೆ ನಾಲಿಗೆಯ ಕೆಳಗಿಟ್ಟೆವು. ಅಜ್ಜಿ ಗಂಡನ ಕೈ ಬಿಡಲಿಲ್ಲ. ಬಸ್ಸು ಬಾಜಾರದಲ್ಲೇ ನಿಂತಿತ್ತು. ಹೊಸಪೇಟೆಯ ಆಸ್ಪತ್ರೆ ಮುಟ್ಟುವವರೆಗೆ ನಾನು ಡ್ರೈವರನ ಪಕ್ಕ ನಿಂತು ಬೇಗ ಬೇಗ ಎನ್ನುತ್ತಲೇ ಇದ್ದೆ. ಈಗಲೂ ಆ ದಾರಿ ನೆನೆದರೆ ಹೆದರಿಕೆಯಾಗುತ್ತದೆ.

ಅಜ್ಜ ಉಳಿದರು. ಮರುದಿನ ಹಾಸಿಗೆಯ ಪಕ್ಕ ನಾನೊಬ್ಬನೇ ಇದ್ದಾಗ, ಜೋಗದ ಮೆಟ್ಟಿಲಿಳಿಯಲು ಯಾಕೆ ಒಪ್ಪಿದಿರಿ ಎಂದು ಸಿಟ್ಟಿನಿಂದಲೇ ಕೇಳಿದೆ.

"ನನಗ ಆಗೂದಿಲ್ಲ ಅಂದ್ರ ನನ್ನ ಬಿಟ್ಟು ಹೋಗ್ತಿದ್ರಲ್ಲೋ" ಎಂದು ಅಜ್ಜ ಅತ್ತರು.

ಅಂದಿನಿಂದ ಯಾವ ಮನೆಗೆ ಹೋದರೂ, ಎಲ್ಲಿಗೆ ಹೋಗಬೇಕೆಂದು ಕೂಗುವವರನ್ನು ನಾನು ಆಮೇಲೆ ಕೇಳುತ್ತಿದ್ದೆ. ನಂದೇನೈತಿ ಎನ್ನುವವರ ಪಕ್ಕ ಮೊದಲು ಹೋಗಿ ಕೂರುತ್ತಿದ್ದೆ.