ಗುಮ್ಮಿಯ ಜ್ವಾಳ, ಗೆಳೆಯನ ಮಗ್ಗ

ನಿಜಾಮನ ಕಾಲದಾಗ ನಾ ಮಸ್ಕಿಯೊಳಗ ಸೀರಿ ದಡಿಗೆ ನಮೂನಿ ಬರೀತಿದ್ದೆ. ಚೌಕಳಿ ಕಾಗದದ ಮ್ಯಾಲ ಹೂವು, ಗಿಣಿ ಬರೆದುಕೊಟ್ರ, ನೇಕಾರ ಅದನ್ನ ನೋಡಿಕೊಂತ ಮಗ್ಗದ ನೂಲಿಗೆ ಗಂಟು ಕಟ್ಟತಿದ್ದ. ಒಮ್ಮೆ ಕಟ್ಟಿದ್ರ ಮುಗೀತು, ಕಾಗದಾನೂ ಬ್ಯಾಡ, ನಾನೂ ಬ್ಯಾಡ. ಆ ನೂಲು ಹರಿಯೋತನಕ ಅದ ಗಿಣಿ ಬರ್ತಿತ್ತು. ಅದಕ್ಕ ಹೊಸ ನಮೂನಿ ಕೇಳಾವ್ರು ಇದ್ರಷ್ಟ ನನಗ ಕೂಳು.

ಲಿಂಗಸುಗೂರಿನ ಜವಳಿ ಸಾವಕಾರ ಒಮ್ಮೆ ಕರೆದ. "ನನ್ನ ದುಕಾನಕ್ಕಷ್ಟ ಬರಿ. ಮಳಿಗಾಲದಾಗೂ ಪಗಾರ ನಿಲ್ಲಂಗಿಲ್ಲ. ಯುಗಾದಿಯೊಳಗ ಹೇಳು" ಅಂದ.

ಮನ್ಯಾಗ ಹೇಳಿದೆ. ಹೆಂಡ್ತಿ ಒಳಗಿನ ಕಾಳು ತುಂಬೋ ಗುಮ್ಮಿಗೆ ಕೈ ಬಡದು ನೋಡಿ, "ಜ್ವಾಳ ಐತ್ರಿ, ಮಳಿಗಾಲ ದಾಟತೈತಿ. ಆಮ್ಯಾಲ ಕೆಲಸ ಕೊಡಾವ್ರು ಯಾರದಾರ?" ಅಂದ್ಲು.

"ಇಬ್ರು ಅದಾರಲ್ಲ! ಇಲ್ಲಿ ನನ್ನ ಗೆಳೆಯನ ಮಗ್ಗ, ಅಲ್ಲಿ ನನ್ನ ನಮೂನಿ ಸೀರಿ ಮಾರೋ ಸಿಂಧನೂರಿನ ದುಕಾನ."

ಗೆಳೆಯ ಅಂದ್ರ ಒಂದ ತಾಟಿನಾಗ ಉಂಡಾಂವ. ನನ್ನ ನಮೂನಿ ಎಲ್ಲಾ ನೇಯ್ತಿದ್ದಾಂವ ಅವನ. ಅವನ್ನ ಕೇಳಿದ್ರ ನಕ್ಕುಬಿಟ್ಟ. "ಹುಚ್ಚ ಹಿಡದೈತೇನಲೇ? ಪಗಾರಕ್ಕ ಹೋದ್ರ ಗೂಟಕ್ಕ ಕಟ್ಟಿದ ಎತ್ತು ಆಗತಿ. ನನ್ನ ಮಗ್ಗ ನಡಿಯೋತನಕ ನಿನಗ ಕೆಲಸದ ಚಿಂತಿ ಯಾಕ?"

ನಂಬಿದೆ. ಯುಗಾದಿಗೆ ಹೋಗಿ ಸಾವಕಾರಗ ಒಲ್ಲೆ ಅಂದು ಬಂದೆ.

ಮಳಿ ಹಿಡೀತು. ಗೆಳೆಯ ಹೊಸ ನಮೂನಿ ಕೇಳಲೇ ಇಲ್ಲ. ಅವನ ಮನಿಗೆ ಹೋದ್ರ ಬಾಗಲಕ್ಕ ಕೀಲಿ. ಸಿಂಧನೂರಿಗೆ ಹೋದೆ. ದುಕಾನದಾಂವ ನನ್ನನ್ನ ಮ್ಯಾಲ ಕೆಳಗ ನೋಡಿ, "ನಿನ್ನ ನಮೂನಿ ತೊಗೊಂಡು ನಾ ಏನ ಮಾಡ್ಲಿ? ನೇಯ್ದು ಕೊಡ್ತಿದ್ದಾಂವ ನಿನ್ನ ಗೆಳೆಯ. ಅಂವ ಲಿಂಗಸುಗೂರಿಗೆ ಪಗಾರಕ್ಕ ಹೋಗ್ಯಾನಲ್ಲ, ಗೊತ್ತಿಲ್ಲೇನು?" ಅಂದ.

ಲಿಂಗಸುಗೂರಿಗೆ ಓಡಿದೆ. ನನ್ನ ಕರೆದಿದ್ದ ಸಾವಕಾರನ ದುಕಾನ. ನನ್ನ ಗಿಣಿ ದಡಿ ಸೀರಿ ಸಾಲಾಗಿ ಇಟ್ಟಿದ್ರು. ಹಿಂದಿನ ಕೋಣ್ಯಾಗ ಗೆಳೆಯ ಮಗ್ಗದ ಮುಂದ ಕುಂತಿದ್ದ. ಗ್ವಾಡಿ ಗೂಟಕ್ಕ ಸುತ್ತಿಟ್ಟ ನೂಲಿನ ಸಿಂಬಿ ತೂಗುಬಿದ್ದಿದ್ವು, ಅದರಾಗ ಗಂಟಾಗಿ ಕುಂತಿದ್ವು ನಾ ವರ್ಷಾನಗಟ್ಟಲೆ ಬರೆದ ನಮೂನಿ ಎಲ್ಲಾ.

"ಎಲ್ಲಾ ಇವನ ತಂದಾನಪ್ಪ. ಇನ್ನ ಬರಿಯಾವ್ರು ಬೇಕಾಗಿಲ್ಲ" ಅಂದ ಸಾವಕಾರ.

ಗೆಳೆಯ ತಲಿ ಎತ್ತಲಿಲ್ಲ. "ಮನಸಿಗೆ ಹಚ್ಚಿಕೋಬ್ಯಾಡ. ನನಗೂ ಮಕ್ಕಳದಾವ."

"ಆ ಕೆಲಸ ನಿನಗ ಬೇಕಾಗಿತ್ತಂದ್ರ ಒಂದು ಮಾತು ಕೇಳಬೇಕಿತ್ತಲ್ಲೋ ಭಾಡ್ಯಾ! ನಾ ನಕ್ಕೋಂತ ಬಿಟ್ಟುಕೊಡ್ತಿದ್ದೆ!" ಅಂತ ಒದರಿದೆ. ಮಗ್ಗದ ಸಪ್ಪಳ ನಿಲ್ಲಲಿಲ್ಲ. ನಂಬಿದ ಎಮ್ಮಿ ಕೋಣ ಈದಿತ್ತು.

ಮನಿಗೆ ಬಂದಾಗ ಹೆಂಡ್ತಿ ಗುಮ್ಮಿಯಿಂದ ಜ್ವಾಳ ತಗೀತಿದ್ಲು. ಆಕಿ ಅಂದಂಗ ಜ್ವಾಳ ಮಳಿಗಾಲ ದಾಟಿಸಿತು. ಆದ್ರ ಕೆಲಸ ಕೊಡಾವ್ರು ಯಾರದಾರ ಅಂತ ಆಕಿ ಕೇಳಿದ್ದಕ್ಕ ನಾ ಇಬ್ರು ಅದಾರ ಅಂದಿದ್ದೆ. ಸಿಂಧನೂರಿಗೂ ನೇಯ್ದು ಕೊಡಾಂವ ಗೆಳೆಯನಽ, ಆ ಇಬ್ರೂ ಅವನೊಬ್ಬನಽ ಆಗಿದ್ದ.